ಬಿಪಿ ನೋಡುವ ಮುಂಚೆ ಬಾಯಲ್ಲೇನಿದೆ ಅಂತ ಕೇಳಿ

ಈಗ ಬಿಪಿ ನೋಡಿಸಿಕೊಳ್ಳೋಕೆ ಯಾರೂ ತಾಲ್ಲೂಕು ಆಸ್ಪತ್ರೆಗೇ ಹೋಗಬೇಕಿಲ್ಲ. ಉಪಕೇಂದ್ರದಲ್ಲಿ ಯಂತ್ರ ಇದೆ. ಪಂಚಾಯ್ತಿ ಮುಂದೆ ಶಿಬಿರ ಹಾಕ್ತಾರೆ. ಮೂವತ್ತು ದಾಟಿದವರ ಪಟ್ಟಿ ಹಿಡಿದುಕೊಂಡು ಆಶಾ ಕಾರ್ಯಕರ್ತೆಯರು ಮನೆ ಮನೆಗೂ ಬರ್ತಾರೆ. ಇದು ಒಳ್ಳೆಯ ಕೆಲಸ, ಅದರಲ್ಲಿ ನಮಗೆ ಎರಡು ಮಾತಿಲ್ಲ.

ನಮ್ಮ ತಕರಾರು ಇರೋದು ಒಂದೇ ಪ್ರಶ್ನೆಯ ಬಗ್ಗೆ. ಆ ಶಿಬಿರಗಳಲ್ಲಿ ನಿಂತು ನೋಡಿದ್ದೇವೆ. ತೋಳಿಗೆ ಪಟ್ಟಿ ಕಟ್ಟುವ ಮುಂಚೆ ಹೆಸರು ಕೇಳ್ತಾರೆ, ವಯಸ್ಸು ಕೇಳ್ತಾರೆ, ಆಧಾರ್ ಕೇಳ್ತಾರೆ. ಆಶಾ ತುಂಬುವ ಫಾರ್ಮಿನಲ್ಲಿ ಬೀಡಿ ಸಿಗರೇಟು ಸೇದುತ್ತೀರಾ, ಗುಟ್ಕಾ ಖೈನಿ ಹಾಕುತ್ತೀರಾ ಅನ್ನುವ ಸಾಲೂ ಇದೆ. ದಿನಾ ಹಾಕುವವರಿಗೆ ಎರಡು ಅಂಕ, ಯಾವಾಗಲಾದರೂ ಹಾಕುವವರಿಗೆ ಒಂದು. ಆದರೆ ಯಂತ್ರದ ಗುಂಡಿ ಒತ್ತುವ ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಬೇರೆ: "ಕೊನೇ ಸಲ ಹಾಕಿದ್ದು ಎಷ್ಟು ಹೊತ್ತಿಗೆ? ಈಗ ಬಾಯಲ್ಲಿ ಏನಾದರೂ ಇದೆಯಾ?" ಇದನ್ನು ಕೇಳದೆ ಬರೆದುಕೊಂಡ ಅಂಕಿ, ತಂಬಾಕು ಬಳಸುವವರ ವಿಷಯದಲ್ಲಿ ಅರ್ಧ ಸತ್ಯ. ಆ ಅರ್ಧ ಸತ್ಯ ಹೇಗೆ ಜೀವಕ್ಕೆ ಸಂಚಕಾರ ತರುತ್ತದೆ ಅನ್ನೋದೇ ಈ ಬರಹ.

ಒಂದು ಬೀಡಿ ಸೇದಿದಾಗ ಒಳಗೆ ಆಗೋದೇನು

ಬೀಡಿ ಸಿಗರೇಟಿನ ಹೊಗೆ ಎಳೆದುಕೊಂಡರೆ ಅದರಲ್ಲಿರುವ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕಿಳಿದು ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಕೂಡಲೇ ಮೈಯಲ್ಲಿ ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಕತ್ತಲಲ್ಲಿ ಹಾವು ಕಂಡಾಗ ಮೈ ಝುಮ್ ಅನ್ನುತ್ತದಲ್ಲ, ಅದೇ ರಸ. ಹಾವು ಕಂಡಾಗ ಓಡಿಹೋಗಲು ಅದು ಬೇಕು. ಕಟ್ಟೆ ಮೇಲೆ ಸುಮ್ಮನೆ ಕೂತವನಿಗೆ ಅದರ ಕೆಲಸವೇ ಇಲ್ಲ. ಆದರೂ ಎದೆ ಬಡಿತ ನಿಮಿಷಕ್ಕೆ ಹತ್ತು ಹದಿನೈದು ಜಾಸ್ತಿಯಾಗುತ್ತದೆ, ರಕ್ತನಾಳಗಳು ಬಿಗಿದುಕೊಳ್ಳುತ್ತವೆ.

ಹೊಲದಲ್ಲಿ ನೀರು ಬಿಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಮೋಟಾರು ಜೋರು ಮಾಡಿ, ಪೈಪನ್ನು ಕೈಯಲ್ಲಿ ಹಿಸುಕಿದರೆ ಒಳಗಿನ ಒತ್ತಡ ಏರಲೇಬೇಕು. ಬೀಡಿ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಬಿಪಿಯ ಮೇಲಿನ ಅಂಕಿ ಐದೋ ಹತ್ತೋ ಏರುತ್ತದೆ, ಕೆಲವರಿಗೆ ಅದಕ್ಕಿಂತ ಹೆಚ್ಚು. ಇದು ಮೊದಲ ಕೆಲವು ನಿಮಿಷದಲ್ಲೇ ತುದಿ ಮುಟ್ಟಿ, ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ನಿಧಾನಕ್ಕೆ ಇಳಿಯುತ್ತದೆ.

ಇಳಿಯಿತಲ್ಲ, ಇನ್ನೇನು ಅನ್ನಬಹುದು. ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ ಹದಿನೈದು ಬೀಡಿ ಸೇದುವವರಿಗೆ ಒಂದೊಂದಕ್ಕೆ ಇಪ್ಪತ್ತು ನಿಮಿಷ ಅಂತ ಹಿಡಿದರೂ ಮುನ್ನೂರು ನಿಮಿಷ ಆಯಿತು. ಅಂದರೆ ದಿನಕ್ಕೆ ಐದು ಗಂಟೆ ಕಾಲ ರಕ್ತನಾಳಗಳು ಬಿಗಿದ ಪೈಪಿನ ಹಾಗೆ ಇರುತ್ತವೆ.

ಕಡ್ಡಿಪುಡಿ ಬಾಯಲ್ಲಿದ್ದರೆ ಎದೆಗೆ ಏನು ಸಂಬಂಧ?

ನಮ್ಮ ಕಡೆ ಬೀಡಿ ಸೇದುವವರನ್ನು ಜನ ಬೈತಾರೆ. ಎಲೆ ಅಡಿಕೆ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕುವವರನ್ನು ಯಾರೂ ಬೈಯುವುದಿಲ್ಲ. ಮದುವೆ ಮನೆಯಲ್ಲಿ ತಟ್ಟೆಯಲ್ಲಿಟ್ಟು ಕೊಡ್ತೀವಿ. ಹೊಗೆ ಇಲ್ಲ, ಕೆಮ್ಮು ಇಲ್ಲ, ಹೆಚ್ಚೆಂದರೆ ಬಾಯಿ ಹುಣ್ಣಾಗಬಹುದು ಅನ್ನೋದು ನಂಬಿಕೆ. ಬಾಯಿ ಕ್ಯಾನ್ಸರಿನ ಚಿತ್ರ ಪೊಟ್ಟಣದ ಮೇಲೆ ಇರುವುದರಿಂದ ಅಪಾಯ ಇರುವುದು ಬಾಯಿಗೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ.

ಶಿಬಿರದಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ. "ದೊಡ್ಡವ್ವ, ಬಾಯಲ್ಲಿರೋದು ಉಗುಳಿ, ಬಾಯಿ ಮುಕ್ಕಳಿಸ್ಕೊಂಡು ಬನ್ನಿ, ಆಮೇಲೆ ಬಿಪಿ ನೋಡ್ತೀನಿ." "ಬಿಡು ಮಗಾ, ಕಡ್ಡಿಪುಡಿಗೂ ತೋಳಿಗೂ ಏನ್ ಸಂಬಂಧ? ಸುಮ್ನೆ ಪಟ್ಟಿ ಕಟ್ಟು."

ಸಂಬಂಧ ಇದೆ, ಅದೂ ಹತ್ತಿರದ್ದು. ನಿಕೋಟಿನ್ ಒಳಗೆ ಹೋಗಲು ಹೊಗೆಯೇ ಬೇಕಿಲ್ಲ. ಕೆನ್ನೆ ಒಳಗಿನ ತೆಳು ಚರ್ಮದಿಂದಲೂ ಅದು ನೇರ ರಕ್ತಕ್ಕಿಳಿಯುತ್ತದೆ. ನಾವು ಹಚ್ಚುವ ಸುಣ್ಣ ಇದಕ್ಕೆ ಒತ್ತಾಸೆ. ಸುಣ್ಣ ಬಾಯಿಯ ರಸವನ್ನು ಕ್ಷಾರ ಮಾಡುತ್ತದೆ, ಕ್ಷಾರದಲ್ಲಿ ನಿಕೋಟಿನ್ ಬೇಗ ಬಿಡುಗಡೆಯಾಗಿ ಚರ್ಮ ದಾಟುತ್ತದೆ. "ಸುಣ್ಣ ಇಲ್ದಿದ್ರೆ ಕಿಕ್ ಬರಲ್ಲ" ಅಂತ ಹಳಬರು ಹೇಳೋದು ಇದಕ್ಕೇ. ನಶ್ಯಪುಡಿಯನ್ನು ಒಸಡಿಗೆ ಉಜ್ಜಿಕೊಳ್ಳುವವರಲ್ಲೂ ಆಗುವುದು ಇದೇ.

ವ್ಯತ್ಯಾಸ ಇರುವುದು ವೇಗದಲ್ಲಿ. ಬೀಡಿಯ ನಿಕೋಟಿನ್ ಗಬಕ್ಕನೆ ಏರಿ ಬೇಗ ಇಳಿಯುತ್ತದೆ. ಬಾಯಲ್ಲಿಟ್ಟ ತಂಬಾಕಿನದು ನಿಧಾನಕ್ಕೆ ಏರುತ್ತದೆ, ಸುಮಾರು ಅರ್ಧ ಗಂಟೆಗೆ ತುದಿ ಮುಟ್ಟುತ್ತದೆ, ಉಗುಳಿದ ಮೇಲೂ ತುಂಬಾ ಹೊತ್ತು ಹಾಗೇ ಇರುತ್ತದೆ. ಅಷ್ಟು ಹೊತ್ತೂ ಬಡಿತ ಮತ್ತು ಬಿಪಿ ಮೇಲೇ ಇರುತ್ತವೆ. ದಿನಕ್ಕೆ ಎಂಟು ಸಲ ಎಲೆ ಅಡಿಕೆ ಹಾಕುವವರು, ಒಂದೊಂದರ ಪ್ರಭಾವ ಒಂದು ಗಂಟೆ ಅಂತ ಹಿಡಿದರೂ, ಎಚ್ಚರ ಇರುವ ಹೊತ್ತಿನ ಅರ್ಧ ಭಾಗ ಏರಿದ ಒತ್ತಡದಲ್ಲೇ ಕಳೆಯುತ್ತಾರೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. 2016-17ರಲ್ಲಿ ಕೇಂದ್ರ ಸರ್ಕಾರ ಮಾಡಿಸಿದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೇದುವವರು 100ಕ್ಕೆ ಸುಮಾರು 11 ಜನ, ಹೊಗೆಯಿಲ್ಲದ ತಂಬಾಕು ಬಳಸುವವರು ಸುಮಾರು 21 ಜನ. ಅಂದರೆ ಬಾಯಲ್ಲಿ ಹಾಕುವವರೇ ಎರಡು ಪಟ್ಟು. ಬಿಪಿಯ ಮಾತು ಬಂದಾಗ ಬೀಡಿಯನ್ನು ಮಾತ್ರ ಕೇಳಿ ಬಿಟ್ಟರೆ ಬಹಳಷ್ಟು ಜನ, ಅದರಲ್ಲೂ ನಮ್ಮ ತಾಯಂದಿರು, ಲೆಕ್ಕದಿಂದಲೇ ಹೊರಗುಳಿಯುತ್ತಾರೆ.

ಒಂದೇ ಊರಿನ ಇಬ್ಬರು, ಎರಡು ತಪ್ಪು ಅಂಕಿ

ಈಗ ಇಬ್ಬರ ಲೆಕ್ಕ ಬಿಡಿಸಿ ನೋಡೋಣ. ಇವರು ಇಂಥವರೇ ಅಂತ ಅಲ್ಲ, ಅಂಕಿಗಳೂ ಉದಾಹರಣೆಗೆ ಇಟ್ಟುಕೊಂಡವು. ಆದರೆ ಇಂಥ ಇಬ್ಬರು ನಿಮ್ಮ ಬೀದಿಯಲ್ಲೂ ಇರುತ್ತಾರೆ.

ಮೊದಲನೆಯವರು ಐವತ್ತೆಂಟು ವರ್ಷದ ತಾಯಿ. ಶಿಬಿರಕ್ಕೆ ಬಂದಾಗ ಕೆನ್ನೆಯಲ್ಲಿ ಎಲೆ ಅಡಿಕೆ ಇದೆ, ಅದರಲ್ಲಿ ಕಡ್ಡಿಪುಡಿ ಇದೆ. ಬಿಸಿಲಲ್ಲಿ ನಡೆದು ಬಂದು ಕೂಡಲೇ ಕೈ ಚಾಚಿದ್ದಾರೆ. ಯಂತ್ರ 164/98 ತೋರಿಸುತ್ತದೆ. ಇದನ್ನು ನೋಡಿ ಹಾಗೇ ಮಾತ್ರೆ ಬರೆದರೆ ಅದು ಆತುರ. "ಎಲೆ ಅಡಿಕೆಯಿಂದ ಬಂದಿದ್ದು, ಬಿಡಿ" ಅಂತ ಮನೆಗೆ ಕಳಿಸಿದರೆ ಅದು ಅದಕ್ಕಿಂತ ದೊಡ್ಡ ತಪ್ಪು. ಮಾಡಬೇಕಾದ್ದು ಏನೆಂದರೆ, ಬೇರೆ ದಿನ ಬೆಳಿಗ್ಗೆ, ಮೊದಲ ಎಲೆ ಅಡಿಕೆಗೂ ಕಾಫಿಗೂ ಮುಂಚೆ ನೋಡುವುದು. ಆಗ 148/92 ಬಂತು ಅಂದುಕೊಳ್ಳಿ. ಹದಿನಾರು ಅಂಕಿ ಇಳಿಯಿತು, ಆದರೂ ಆಸ್ಪತ್ರೆಯ ಅಳತೆಯಲ್ಲಿ 140/90 ಗೆರೆಯ ಮೇಲೇ ಇದೆ. ಅಂದರೆ ಈ ತಾಯಿಗೆ ಬಿಪಿ ನಿಜವಾಗಿಯೂ ಇದೆ. ತಂಬಾಕು ಅದರ ಮೇಲೆ ಇನ್ನಷ್ಟು ಏರಿಸುತ್ತಿದೆ. ಮಾತ್ರೆಯೂ ಬೇಕು, ಕಡ್ಡಿಪುಡಿಯೂ ಹೋಗಬೇಕು. ಕಡ್ಡಿಪುಡಿ ಹಾಗೇ ಇದ್ದರೆ ಮಧ್ಯಾಹ್ನದ ಶಿಬಿರದಲ್ಲಿ ಪ್ರತಿ ಸಲ ಅಂಕಿ ಜಾಸ್ತಿ ಬರುತ್ತದೆ, ಮಾತ್ರೆಯ ಪ್ರಮಾಣ ಏರುತ್ತಾ ಹೋಗುತ್ತದೆ.

ಎರಡನೆಯವರು ನಲವತ್ತಾರರ ರೈತ. ಇಪ್ಪತ್ತೈದು ವರ್ಷದಿಂದ ಬೀಡಿ. ಇವರದು ಉಲ್ಟಾ ಕಥೆ. ಆಸ್ಪತ್ರೆ ಅಂತ ಮರ್ಯಾದೆಗೆ ಬೆಳಿಗ್ಗೆಯಿಂದ ಬೀಡಿ ಮುಟ್ಟಿಲ್ಲ. ಚೀಟಿ ಮಾಡಿಸಿ ಸಾಲಿನಲ್ಲಿ ಎರಡು ಗಂಟೆ ಕೂತಿದ್ದಾರೆ. ಬಿಪಿ 132/84. "ನಾರ್ಮಲ್ ಇದೆ, ಹೋಗಿ ಬನ್ನಿ." ಇವರು ಗೇಟು ದಾಟಿದ ತಕ್ಷಣ ಬೀಡಿ ಹಚ್ಚುತ್ತಾರೆ. ತೋಟದಲ್ಲಿ, ಟೀ ಅಂಗಡಿಯಲ್ಲಿ, ಊಟದ ಮೇಲೆ ಅವರ ಬಿಪಿ ಎಷ್ಟಿರುತ್ತದೆ ಅಂತ ನೋಡಿದವರಿಲ್ಲ. ದಿನವಿಡೀ ತೋಳಿಗೆ ಯಂತ್ರ ಕಟ್ಟಿ ಅಳೆದ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ: ಆಸ್ಪತ್ರೆಯಲ್ಲಿ ಸರಿಯಿದ್ದ ಬಿಪಿ, ಸೇದುವವರಲ್ಲಿ ಹಗಲಿನ ಓಡಾಟದ ಹೊತ್ತು ಜಾಸ್ತಿ ಇರುತ್ತದೆ. ವೈದ್ಯರು ಇದಕ್ಕೆ ಮುಸುಕಿನ ಬಿಪಿ ಎನ್ನುತ್ತಾರೆ. ಅಂಕಿ ಮುಸುಕು ಹಾಕಿಕೊಂಡು ಆಸ್ಪತ್ರೆಗೆ ಬಂದು ಹೋಗಿದೆ ಅಷ್ಟೇ.

ಹಾಗಾದರೆ ಸರಿಯಾಗಿ ನೋಡುವುದು ಹೇಗೆ? ಬೀಡಿ ಸಿಗರೇಟು, ಕಾಫಿ ಟೀ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಬಾಯಲ್ಲಿ ತಂಬಾಕು ಇಟ್ಟಿದ್ದರೆ ಉಗುಳಿ, ಬಾಯಿ ತೊಳೆದು, ಅದಕ್ಕಿಂತ ಹೆಚ್ಚು ಹೊತ್ತು ಕಾಯುವುದು ಒಳ್ಳೆಯದು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿಯನ್ನು ಶರ್ಟಿನ ತೋಳಿನ ಮೇಲೆ ಕಟ್ಟದೆ ಬರೀ ತೋಳಿಗೆ ಕಟ್ಟಬೇಕು, ತೋಳು ಎದೆ ಮಟ್ಟದಲ್ಲಿರಬೇಕು. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಬೇಕು.

ಇದು ಬುಡದ ಬಿಪಿ ತಿಳಿಯಲು. ತಂಬಾಕು ಬಿಡದವರಿಗೆ ಓಡಾಟದ ಹೊತ್ತಿನ ಬಿಪಿಯೂ ತಿಳಿಯಬೇಕು. ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಂತ್ರ ಇದ್ದರೆ ಏಳು ದಿನ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ. ಪಕ್ಕದಲ್ಲೇ "ಬೀಡಿ ಆಗಿ ಇಷ್ಟು ಹೊತ್ತು" ಅಂತಲೂ ಬರೆಯಿರಿ. ಮನೆಯ ಅಳತೆಗೆ ಗೆರೆ ಸ್ವಲ್ಪ ಕೆಳಗೆ, 135/85. ಆ ಹಾಳೆಯನ್ನು ವೈದ್ಯರ ಮುಂದೆ ಇಟ್ಟರೆ ಒಂದು ದಿನದ ಅಂಕಿಗಿಂತ ಅದು ಹತ್ತು ಪಟ್ಟು ಮಾತಾಡುತ್ತದೆ.

ಅಂಕಿ ಸರಿಯಿದ್ದರೂ ನಾಳ ಸರಿಯಿರುವುದಿಲ್ಲ

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಬೀಡಿ ಸಿಗರೇಟು ಸೇದುವ ಎಲ್ಲರಿಗೂ ಶಾಶ್ವತ ಬಿಪಿ ಬಂದೇ ಬರುತ್ತದೆ ಅನ್ನುವುದು ಸರಿಯಲ್ಲ. ಸೇದುವ ಎಷ್ಟೋ ಜನರ ಬಿಪಿ ಆಸ್ಪತ್ರೆಯಲ್ಲಿ ಸೇದದವರಷ್ಟೇ ಬರುತ್ತದೆ. ಜನ ಇದನ್ನೇ ಹಿಡಿದು "ನಂಗೆ ಬಿಪಿ ಇಲ್ಲ, ಏನೂ ಆಗಲ್ಲ" ಅನ್ನುತ್ತಾರೆ. ತಂಬಾಕಿನ ದೊಡ್ಡ ಮೋಸ ಇರುವುದು ಅಲ್ಲೇ. ಅದು ನಾಳವನ್ನು ಹಾಳು ಮಾಡಲು ಯಂತ್ರದಲ್ಲಿ ದೊಡ್ಡ ಅಂಕಿ ತೋರಿಸಲೇಬೇಕು ಅಂತೇನಿಲ್ಲ.

ರಕ್ತನಾಳದ ಒಳಗೆ ತೆಳ್ಳಗಿನ, ನುಣುಪಾದ ಒಂದು ಪದರ ಇರುತ್ತದೆ. ಅದು ಸುಮ್ಮನೆ ಮೆತ್ತಿದ ಬಣ್ಣ ಅಲ್ಲ. ರಕ್ತ ಹೆಚ್ಚು ಬೇಕಾದಾಗ ನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ಅನ್ನು ಉತ್ಪತ್ತಿ ಮಾಡುವುದು ಆ ಪದರವೇ. ಹೊಗೆಯಲ್ಲಿರುವ ರಾಸಾಯನಿಕಗಳು ಈ ಪದರವನ್ನು ಸುಡುತ್ತವೆ, ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ನಾಳ ಬಿಗಿಯುವುದನ್ನು ಮರೆಯುವುದಿಲ್ಲ, ಸಡಿಲಾಗುವುದನ್ನು ಮರೆಯುತ್ತದೆ. ಪದರ ಒರಟಾದ ಕಡೆ ಕೊಲೆಸ್ಟ್ರಾಲ್ ಒಳಗೆ ಸೇರಿಕೊಂಡು ಗಟ್ಟಿಯಾಗುತ್ತದೆ. ಬಹಳ ವರ್ಷ ಗಡಸು ನೀರು ಹರಿದ ಬೋರ್‌ವೆಲ್ ಪೈಪಿನ ಒಳಗೆ ಬಿಳಿ ಪೊರೆ ಕಟ್ಟಿಕೊಂಡು ದಾರಿ ಕಿರಿದಾಗುವ ಹಾಗೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಅದರ ಜೊತೆಗೆ ರಕ್ತ ಬೇಗ ಹೆಪ್ಪುಗಟ್ಟುವ ಹಾಗಾಗುತ್ತದೆ. ಕಿರಿದಾದ ನಾಳದಲ್ಲಿ ಒಂದು ಹೆಪ್ಪು ಸಿಕ್ಕಿಹಾಕಿಕೊಂಡರೆ, ಅದು ಹೃದಯದ್ದಾದರೆ ಹಾರ್ಟ್ ಅಟ್ಯಾಕ್, ಮಿದುಳಿನದ್ದಾದರೆ ಲಕ್ವ.

ಬೀಡಿ ಸಣ್ಣದು, ಸಿಗರೇಟಿಗಿಂತ ವಾಸಿ ಅನ್ನುವುದೂ ತಪ್ಪು ಲೆಕ್ಕ. ಬೀಡಿಗೆ ಫಿಲ್ಟರ್ ಇಲ್ಲ. ತೂಬ್ರೆ ಎಲೆ ಗಾಳಿ ಬಿಡುವುದಿಲ್ಲ, ಆರಿಹೋಗದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಅಗಿಯುವವರಿಗೆ ಕಾರ್ಬನ್ ಮೊನಾಕ್ಸೈಡ್ ಕಾಟ ಇಲ್ಲ, ನಿಜ. ಆದರೂ ಅವರು ಪಾರಾಗಿಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ತಂಬಾಕಿನ ಭಾಗ 2006ರಲ್ಲಿ ಪ್ರಕಟವಾಯಿತು. ತಂಬಾಕು ಅಗಿಯುವವರಲ್ಲಿ ಹೃದಯಾಘಾತದ ಅಪಾಯ ಅಗಿಯದವರ ಎರಡು ಪಟ್ಟಿಗಿಂತ ಹೆಚ್ಚು ಅಂತ ಅದು ಹೇಳಿತು. ಸೇದುವುದು, ಅಗಿಯುವುದು ಎರಡೂ ಇದ್ದವರಲ್ಲಿ ನಾಲ್ಕು ಪಟ್ಟು. ಬೀಡಿ ಕಡಿಮೆ ಮಾಡ್ತೀನಿ ಅಂತ ಬಾಯಿಗೆ ಪೊಟ್ಟಣ ಹಾಕಿಕೊಳ್ಳುವವರು ಈ ಅಂಕಿಯನ್ನು ನೆನಪಿಡಬೇಕು.

ಮೊದಲು ಕೂಗುವುದು ಕಾಲು

ಆ ನಲವತ್ತಾರರ ರೈತನ ಕಡೆಗೆ ಮತ್ತೆ ಬರೋಣ. ಬಿಪಿ ನಾರ್ಮಲ್ ಅಂತ ಮನೆಗೆ ಬಂದವರಿಗೆ ಇನ್ನೊಂದು ತೊಂದರೆ ಇದೆ. ಕೆರೆ ಏರಿ ಮೇಲೆ ಅರ್ಧ ದೂರ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತು ಎರಡು ಮೂರು ನಿಮಿಷ ಸುಧಾರಿಸಿಕೊಂಡರೆ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ವಾಯು ಅಂತ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ನೋವಿನ ಮಾತ್ರೆ ನುಂಗುತ್ತಾರೆ.

ಈ ನೋವಿನ ಗುರುತು ಅದರ ಲೆಕ್ಕಾಚಾರದಲ್ಲಿದೆ. ಮಂಡಿ ಸವೆದ ನೋವು ನಿಂತರೂ ಇರುತ್ತದೆ, ಕೂತು ಏಳುವಾಗ ಹೆಚ್ಚಾಗುತ್ತದೆ. ಇದು ಹಾಗಲ್ಲ. ಹೆಚ್ಚು ಕಡಿಮೆ ಅಷ್ಟೇ ದೂರಕ್ಕೆ ಬರುತ್ತದೆ, ನಿಂತರೆ ಹೋಗುತ್ತದೆ. ನಡೆಯುವಾಗ ಮೀನಖಂಡಕ್ಕೆ ಹೆಚ್ಚು ರಕ್ತ ಬೇಕು, ಕಿರಿದಾದ ನಾಳ ಅಷ್ಟು ಕೊಡಲಾರದು, ಅದಕ್ಕೇ ನೋವು. ತಂಬಾಕಿನ ಏಟು ಅತಿ ಹೆಚ್ಚು ಬೀಳುವ ನಾಳಗಳಲ್ಲಿ ಕಾಲಿನವು ಸೇರಿವೆ. ಜೊತೆಗೆ ಪಾದ ತಣ್ಣಗಿರುವುದು, ಕಾಲಿನ ಕೂದಲು ಉದುರುವುದು, ಬೆರಳಿನ ಸಣ್ಣ ಗಾಯ ವಾರಗಟ್ಟಲೆ ಮಾಗದಿರುವುದು ಕಂಡರೆ ತಡ ಮಾಡಬಾರದು. ಮಲಗಿದಾಗಲೂ ಪಾದ ನೋಯ್ದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ವಾಸಿ ಅನ್ನಿಸಿದರೆ ಅದು ಇನ್ನೂ ಮುಂದಿನ ಹಂತ.

ವೈದ್ಯರು ಮಾಡುವ ಮೊದಲ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಪಾದದ ಮೇಲೆ ಮತ್ತು ಹರಡಿನ ಹಿಂದೆ ಬೆರಳಿಟ್ಟು ನಾಡಿ ಹುಡುಕುತ್ತಾರೆ. ನಾಡಿ ಸಿಗದಿದ್ದರೆ ಹರಡಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸಿ ನೋಡುತ್ತಾರೆ. ಸಾಮಾನ್ಯವಾಗಿ ಹರಡಿನದು ತೋಳಿನಷ್ಟೇ ಅಥವಾ ಸ್ವಲ್ಪ ಜಾಸ್ತಿ ಇರಬೇಕು. ತೋಳಿನಲ್ಲಿ 132 ಇದ್ದು ಹರಡಿನಲ್ಲಿ 92 ಬಂದರೆ, 92ನ್ನು 132ರಿಂದ ಭಾಗಿಸಿದಾಗ ಸುಮಾರು 0.7 ಆಯಿತು. 0.9ಕ್ಕಿಂತ ಕಡಿಮೆ ಅಂದರೆ ಕಾಲಿನ ನಾಳ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಅದೇ ಮನುಷ್ಯ, ಅದೇ ದಿನ. ತೋಳು "ನಾರ್ಮಲ್" ಅಂದಿತು, ಕಾಲು ನಿಜ ಹೇಳಿತು. ಕಾಲಿನ ನಾಳ ಹೀಗಿದ್ದವರಲ್ಲಿ ಹೃದಯದ ನಾಳವೂ ಹಾಳಾಗಿರುವ ಸಂಭವ ಹೆಚ್ಚು. ಅದಕ್ಕೇ ಇದನ್ನು ಬರೀ ಕಾಲುನೋವು ಅಂತ ಬಿಡಬಾರದು ಅನ್ನುವುದು.

ಇನ್ನೂ ಚಿಕ್ಕ ವಯಸ್ಸಿನವರಲ್ಲಿ, ನಲವತ್ತೈದರ ಒಳಗೆ, ಬರ್ಜರ್ ಕಾಯಿಲೆ ಅಂತ ಒಂದಿದೆ. ಕೈಕಾಲಿನ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚಿಹೋಗಿ ಬೆರಳು ಕಪ್ಪಾಗುತ್ತವೆ. ಇದು ಹೆಚ್ಚೂ ಕಡಿಮೆ ತಂಬಾಕು ಬಳಸುವವರಿಗೇ ಬರುವ ಕಾಯಿಲೆ. ತಂಬಾಕು ಪೂರ್ತಿ ಬಿಟ್ಟವರ ಕಾಲು ಬಹುಪಾಲು ಉಳಿಯುತ್ತದೆ, ಬಿಡದವರು ಬೆರಳು, ಪಾದ ಅಂತ ಒಂದೊಂದೇ ಕಳೆದುಕೊಳ್ಳುತ್ತಾರೆ. ಯಾವ ಮಾತ್ರೆಯೂ ಬಿಡುವುದಕ್ಕೆ ಸಮ ಅಲ್ಲ.

ಬಿಟ್ಟರೆ ಸಿಗುವುದೇನು, ಯಾವಾಗ

ಕೊನೆಯ ಬೀಡಿ ಆರಿಸಿ ಇಪ್ಪತ್ತು ನಿಮಿಷಕ್ಕೆ ಬಡಿತ ಮತ್ತು ಬಿಪಿ ಇಳಿಯಲು ಶುರು. ಒಂದು ದಿನ ಕಳೆಯುವಷ್ಟರಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜಕ್ಕೆ ಬರುತ್ತದೆ. ಎರಡು ವಾರದಿಂದ ಮೂರು ತಿಂಗಳೊಳಗೆ ರಕ್ತ ಸಂಚಾರ ಸುಧಾರಿಸುತ್ತದೆ. ಒಂದು ವರ್ಷಕ್ಕೆ, ಸೇದುತ್ತಿದ್ದುದರಿಂದ ಬಂದಿದ್ದ ಹೆಚ್ಚುವರಿ ಹೃದಯದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐದರಿಂದ ಹದಿನೈದು ವರ್ಷದಲ್ಲಿ ಲಕ್ವದ ಅಪಾಯ ಸೇದದವರ ಮಟ್ಟಕ್ಕೆ ಬರುತ್ತದೆ.

"ನಂಗೆ ಆಗ್ಲೇ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ, ಇನ್ನೇನು ಬಿಡೋದು" ಅನ್ನುವವರಿಗೂ ಒಂದು ಅಂಕಿ ಇದೆ. ಹೃದಯದ ಕಾಯಿಲೆ ಬಂದ ಮೇಲೂ ಸೇದುವುದನ್ನು ಬಿಟ್ಟವರಲ್ಲಿ ಸಾವಿನ ಅಪಾಯ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಸ್ಟೆಂಟ್ ಹಾಕುವುದು ಕಟ್ಟಿಕೊಂಡ ಒಂದು ಜಾಗಕ್ಕೆ. ಬಿಡುವುದರಿಂದ ಆಗುವ ಲಾಭ ಮೈಯ ಅಷ್ಟೂ ನಾಳಗಳಿಗೆ.

ಕಡಿಮೆ ಮಾಡಿದರೆ ಸಾಲದೇ? ಕೆಮ್ಮಿಗೆ ಕಡಿಮೆ ಮಾಡಿದಷ್ಟು ವಾಸಿ ಇರಬಹುದು, ಹೃದಯಕ್ಕೆ ಹಾಗಲ್ಲ. ದಿನಕ್ಕೆ ಇಪ್ಪತ್ತು ಸಿಗರೇಟಿನಿಂದ ಹೃದಯಕ್ಕೆ ಬರುವ ಹೆಚ್ಚುವರಿ ಅಪಾಯದ ಹತ್ತಿರ ಹತ್ತಿರ ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದುವವರಿಗೂ ಇರುತ್ತದೆ ಅಂತ 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ಹೇಳಿದೆ. ಅಂದರೆ ಇಪ್ಪತ್ತರಿಂದ ಐದಕ್ಕೆ ಇಳಿಸುವುದು ಬಿಡುವ ದಾರಿಯ ಮೆಟ್ಟಿಲಾದರೆ ಸರಿ, ಅಲ್ಲೇ ನಿಂತರೆ ಲಾಭ ಸ್ವಲ್ಪವೇ.

ಬಿಡುವುದು ಸುಲಭ ಅಂತ ನಾವು ಬರೆಯುವುದಿಲ್ಲ. ಮೊದಲ ಮೂರು ದಿನ ಕಷ್ಟ. ಸಿಡುಕು, ತಲೆನೋವು, ನಿದ್ದೆ ಬಾರದಿರುವುದು, ಮಲಬದ್ಧತೆ ಎಲ್ಲ ಬರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಚಪಲ ಎದ್ದಾಗ ಅದು ಇರುವುದು ಕೆಲವೇ ನಿಮಿಷ. ಆ ಹೊತ್ತಿಗೆ ಬಾಯಿಗೆ ಏಲಕ್ಕಿ, ಲವಂಗ, ಸೋಂಪು ಸಾಕು. ಬರೀ ಅಡಿಕೆ ಬೇಡ. ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ, ಮೇಲಾಗಿ ಅಡಿಕೆ ಬಾಯಿಗೆ ಬಂದರೆ ಕೈ ತಾನಾಗಿ ಕಡ್ಡಿಪುಡಿ ಹುಡುಕುತ್ತದೆ.

ಔಷಧಿ ಅಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಇದನ್ನು ಚೂಯಿಂಗ್ ಗಮ್ ಹಾಗೆ ಜಗಿಯುತ್ತಾ ಹೋದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಬಂದು ಮಾರನೇ ದಿನ ಬಿಟ್ಟುಬಿಡುತ್ತೀರಿ. ನಾಲ್ಕು ಸಲ ನಿಧಾನಕ್ಕೆ ಜಗಿದು, ಖಾರ ಖಾರ ಅನ್ನಿಸಿದ ಕೂಡಲೇ ಕೆನ್ನೆ ಮತ್ತು ಒಸಡಿನ ಮಧ್ಯೆ ಇಡಬೇಕು. ಖಾರ ಹೋದ ಮೇಲೆ ಮತ್ತೆ ಜಗಿದು, ಮತ್ತೆ ಇಡಬೇಕು. ಹೀಗೆ ಅರ್ಧ ಗಂಟೆ. ಟೀ ಕಾಫಿ ಕುಡಿದು ಕಾಲು ಗಂಟೆ ಬಿಟ್ಟು ಬಳಸಬೇಕು. ನಿಕೋಟಿನ್ ಬಿಪಿ ಏರಿಸುತ್ತದೆ ಅಂದಿರಿ, ಮತ್ತೆ ಅದನ್ನೇ ಕೊಡ್ತೀರಾ ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಗಮ್‌ನಲ್ಲಿ ಅದು ಕಡಿಮೆ, ನಿಧಾನ, ಹೊಗೆಯ ವಿಷಗಳು ಇಲ್ಲ, ಕೆಲವು ವಾರಗಳ ಮೇಲೆ ಕಡಿಮೆ ಮಾಡುತ್ತಾ ನಿಲ್ಲಿಸುವಂಥದ್ದು. ಆದರೆ ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಹೆಚ್ಚುತ್ತಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

1800-11-2356 ಎಂಬ ಉಚಿತ ಸಂಖ್ಯೆ ತಂಬಾಕು ಪೊಟ್ಟಣಗಳ ಮೇಲೇ ಅಚ್ಚಾಗಿದೆ. ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರ ಇದೆ. ಕಟ್ಟೆ ಮೇಲೆ ಹೇಳಿಕೊಳ್ಳಲು ನಾಚಿಕೆ ಆಗುವವರು ಫೋನಿನಲ್ಲಿ ಹೇಳಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ. ತಂಬಾಕು ಬಿಟ್ಟ ಮೇಲೆ ಬಿಪಿ ಇಳಿದಿದೆ ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಆ ತಾಯಿಯ ಲೆಕ್ಕ ನೋಡಿದಿರಲ್ಲ, ಕಡ್ಡಿಪುಡಿ ಇಲ್ಲದೆಯೂ 148 ಇತ್ತು. ಬಿಟ್ಟವರಿಗೆ ಹಸಿವು ಹೆಚ್ಚಿ ನಾಲ್ಕೈದು ಕಿಲೋ ತೂಕ ಬರುವುದೂ ಉಂಟು, ತೂಕದ ಜೊತೆ ಬಿಪಿಯೂ ಏರಬಹುದು. ಮಾತ್ರೆ ಕಡಿಮೆ ಮಾಡುವುದಾದರೆ ಕೆಲವು ವಾರಗಳ ಅಳತೆ ನೋಡಿ ವೈದ್ಯರು ಮಾಡಲಿ.

ನಾವು ಕೇಳುವುದು ಇಷ್ಟು

ಬಿಪಿ ಕಾರ್ಡಿನಲ್ಲಿ ಅಂಕಿಯ ಪಕ್ಕ ಒಂದು ಸಣ್ಣ ಖಾನೆ ಬೇಕು: ಯಾವ ತಂಬಾಕು, ಆಗಿ ಎಷ್ಟು ಹೊತ್ತು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ, ಒಂದು ಪೆನ್ನು ಸಾಕು. ಶಿಬಿರದ ಪಕ್ಕದಲ್ಲಿ ಒಂದು ಕೊಡ ನೀರು, ಬಾಯಿ ತೊಳೆದವರು ಕೂರಲು ಒಂದು ಬೆಂಚು ಇರಲಿ. ತಂಬಾಕು ಬಳಸುವ ಪ್ರತಿಯೊಬ್ಬರಿಗೂ ನಡೆದಾಗ ಮೀನಖಂಡ ಹಿಡಿಯುತ್ತದಾ ಅಂತ ಕೇಳಲಿ, ಹೌದು ಅಂದರೆ ಪಾದದ ನಾಡಿ ಮುಟ್ಟಿ ನೋಡಲಿ. ಮಾತ್ರೆ ಬರೆಯುವ ಚೀಟಿಯಲ್ಲೇ ತಂಬಾಕು ಬಿಡಿಸುವ ಸಲಹೆಯೂ, ಆ ಫೋನ್ ಸಂಖ್ಯೆಯೂ ಇರಲಿ.

ಕೇಳದೇ ಇದ್ದರೆ? ನೀವೇ ಹೇಳಿ. ಪಟ್ಟಿ ಕಟ್ಟುವ ಮುಂಚೆ "ಅಮ್ಮಾ, ಅರ್ಧ ಗಂಟೆ ಹಿಂದೆ ಬೀಡಿ ಆಗಿದೆ", "ಕಡ್ಡಿಪುಡಿ ಈಗ ತಾನೇ ಉಗುಳಿದೆ" ಅಂತ ಹೇಳಿ. ಬೈಸಿಕೊಳ್ಳಬೇಕಾಗಬಹುದು ಅಂತ ಮುಚ್ಚಿಟ್ಟರೆ, ತಪ್ಪು ಅಂಕಿ ಬರೆದುಕೊಂಡು ಮನೆಗೆ ಬರುವವರು ನೀವೇ.